ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಬಡ್ಡಿ ಅಂದೇ ಶುರು

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ನಾವು ಹಳಬರು ಕಾರ್ಡಿನ ಬಗ್ಗೆ ಹೇಳಿಕೊಡುವುದು ಒಂದೇ ಪಾಠ: "ಡ್ಯೂ ಡೇಟ್ ಒಳಗೆ ಪೂರ್ತಿ ಕಟ್ಟಿಬಿಡಿ, ಒಂದು ಸೆಂಟ್ ಬಡ್ಡಿ ಬೀಳಲ್ಲ." ನಾನೂ ಹದಿನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ಈ ಮಾತು ಅರ್ಧ ಮಾತ್ರ ನಿಜ ಎಂಬುದನ್ನು ಕಳೆದ ವರ್ಷ ಹಾಸನದ ಕಡೆಯ ಒಬ್ಬ ಹುಡುಗನ ಸ್ಟೇಟ್‌ಮೆಂಟ್ ನೋಡಿದ ಮೇಲೆ ನನಗೆ ಸರಿಯಾಗಿ ಮನದಟ್ಟಾಯಿತು. ಅವನಿಗೂ ಆ ಪಾಠ ಹೇಳಿಕೊಟ್ಟವನು ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಬಂದಿಳಿದು ಮೂರು ವಾರವಾಗಿತ್ತು. ಬಾಡಿಗೆಗೆ ಹಿಡಿದ ರೂಮಿಗೆ 600 ಡಾಲರ್ ನಗದೇ ಬೇಕೆಂದು ಮನೆ ಮಾಲೀಕರು ಕೇಳಿದರು. ಚೆಕಿಂಗ್ ಖಾತೆಯಲ್ಲಿ ಅಷ್ಟು ಇರಲಿಲ್ಲ, ಮೊದಲ ಸಂಬಳ ಆಗಸ್ಟ್ 15ಕ್ಕೆ. ಖಾತೆಯ ಜೊತೆಗೆ ಬ್ಯಾಂಕ್ ಒಂದು ಕ್ರೆಡಿಟ್ ಕಾರ್ಡನ್ನೂ ಕೊಟ್ಟಿತ್ತು, ಅದರ ಪಿನ್ ಅಂಚೆಯಲ್ಲಿ ಬಂದಿತ್ತು. ಆಗಸ್ಟ್ 3ರಂದು ಎಟಿಎಂಗೆ ಹೋಗಿ ಆ ಕಾರ್ಡ್ ಹಾಕಿ 600 ತೆಗೆದ. ತೆರೆಯ ಮೇಲೆ Cash Advance ಎಂದು ಬಂದದ್ದು, ಫೀಸ್ ಬೀಳಬಹುದು ಎಂಬ ಒಂದು ಸಾಲು ಬಂದದ್ದು ಅವನಿಗೆ ನೆನಪಿದೆ. ಎಟಿಎಂ ಎಂದ ಮೇಲೆ ಎರಡೋ ಮೂರೋ ಡಾಲರ್ ಇರಬಹುದು ಎಂದುಕೊಂಡು ಒಪ್ಪಿಗೆ ಒತ್ತಿದ.

ಸೆಪ್ಟೆಂಬರ್ ಕೊನೆಗೆ ಸ್ಟೇಟ್‌ಮೆಂಟ್ ಹಿಡಿದು ನಮ್ಮ ಮನೆಗೆ ಬಂದು ಕೇಳಿದ: "ಅಣ್ಣಾ, ನೀವು ಹೇಳಿದ ಹಾಗೆ ಡ್ಯೂ ಡೇಟ್‌ಗೆ ಪೂರ್ತಿ ಕಟ್ಟಿದ್ದೀನಿ. ಆದರೂ ಬಡ್ಡಿ ಹಾಕಿದ್ದಾರೆ. ಯಾಕೆ?"

ಅಡುಗೆಮನೆಯ ಟೇಬಲ್ ಮೇಲೆ ಎರಡೂ ತಿಂಗಳ ಸ್ಟೇಟ್‌ಮೆಂಟ್ ಹರಡಿ ಕೂತು ಲೆಕ್ಕ ಹಾಕಿದೆವು.

ಮೊದಲನೆಯದು ಫೀಸು. ಇಲ್ಲಿನ ಹೆಚ್ಚಿನ ಕಾರ್ಡುಗಳಲ್ಲಿ ನಗದು ತೆಗೆದರೆ 10 ಡಾಲರ್ ಅಥವಾ ತೆಗೆದ ಮೊತ್ತದ ಶೇಕಡ 5, ಯಾವುದು ಹೆಚ್ಚೋ ಅದನ್ನು ಹಾಕುತ್ತಾರೆ. 600ಕ್ಕೆ 30 ಡಾಲರ್. ನೋಟು ಕೈಗೆ ಬಂದ ಕ್ಷಣಕ್ಕೇ ಸಾಲ 630 ಆಯಿತು. ನೂರು ಡಾಲರಿಗಿಂತ ಕಡಿಮೆ ತೆಗೆದರೂ ಹತ್ತು ಡಾಲರ್ ತಪ್ಪುವುದಿಲ್ಲ. ಬೇರೆ ಬ್ಯಾಂಕಿನ ಎಟಿಎಂ ಆದರೆ ಆ ಯಂತ್ರದವರ ಫೀಸು ಬೇರೆ.

ಎರಡನೆಯದು ಬಡ್ಡಿಯ ದರ. ಕಾರ್ಡಿನಲ್ಲಿ ದರ ಒಂದೇ ಅಲ್ಲ. ಸಾಮಾನು ಕೊಂಡದ್ದಕ್ಕೆ ಒಂದು, ನಗದಿಗೆ ಇನ್ನೊಂದು. ನಗದಿನದು ಸಾಮಾನ್ಯವಾಗಿ ಹೆಚ್ಚು. ಅವನ ಕಾರ್ಡಿನಲ್ಲಿ ವರ್ಷಕ್ಕೆ ಶೇಕಡ 29.99 ಇತ್ತು. 365ರಿಂದ ಭಾಗಿಸಿದರೆ 630ರ ಮೇಲೆ ದಿನಕ್ಕೆ ಸುಮಾರು 52 ಸೆಂಟ್. ಮೊದಲ ವರ್ಷ ಬಡ್ಡಿ ಸೊನ್ನೆ ಎಂದು ಆಸೆ ತೋರಿಸಿ ಕೊಡುವ ಕಾರ್ಡುಗಳಲ್ಲೂ ಆ ಸೊನ್ನೆ ಸಾಮಾನ್ಯವಾಗಿ ಖರೀದಿಗೆ, ನಗದಿಗಲ್ಲ. ನಗದಿಗೆ ಮೊದಲ ದಿನದಿಂದಲೇ ಪೂರ್ತಿ ದರ.

ಮೂರನೆಯದೇ ನನ್ನ ಪಾಠ ಕೈಕೊಟ್ಟ ಜಾಗ. ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಖರೀದಿಯ ಮೇಲೆ ಗ್ರೇಸ್ ಪೀರಿಯಡ್ ಇರುತ್ತದೆ. ಆಗಸ್ಟ್ 3ರಂದು ಅದೇ ಕಾರ್ಡಿನಲ್ಲಿ 600 ಡಾಲರಿಗೆ ಮಂಚ, ಹಾಸಿಗೆ ಕೊಂಡಿದ್ದರೆ ಆಗಸ್ಟ್ 20ರ ಸ್ಟೇಟ್‌ಮೆಂಟಿಗೆ ಬರುತ್ತಿತ್ತು, ಸೆಪ್ಟೆಂಬರ್ 14ರ ಡ್ಯೂ ಡೇಟಿಗೆ ಕಟ್ಟಿದ್ದರೆ ಸಾಕಿತ್ತು. ನಲವತ್ತೆರಡು ದಿನ, ಬಡ್ಡಿ ಸೊನ್ನೆ. ನಗದಿಗೆ ಈ ಗ್ರೇಸ್ ಪೀರಿಯಡ್ ಇಲ್ಲವೇ ಇಲ್ಲ. ಡ್ಯೂ ಡೇಟಿಗೂ ಈ ಬಡ್ಡಿಗೂ ಸಂಬಂಧವಿಲ್ಲ. ಊರಿನಲ್ಲಿ ಮೀಟರ್ ಬಡ್ಡಿ ಅನ್ನುತ್ತಾರಲ್ಲ, ಆಟೋ ಮೀಟರಿನ ಹಾಗೆ ಓಡುವುದು, ಅದೇ ಥರ. ಹಣ ತೆಗೆದ ದಿನ ಶುರು, ತೀರಿಸಿದ ದಿನ ನಿಲ್ಲುವುದು.

ಆಗಸ್ಟ್ 3ರಿಂದ 20ರವರೆಗಿನ ಹದಿನೆಂಟು ದಿನಕ್ಕೆ 9 ಡಾಲರ್ ಚಿಲ್ಲರೆ ಬಡ್ಡಿ ಮೊದಲ ಸ್ಟೇಟ್‌ಮೆಂಟಿನಲ್ಲೇ ಇತ್ತು. 30 ಡಾಲರ್ ಫೀಸಿನ ಗಾಬರಿಯಲ್ಲಿ ಅವನು ಅದನ್ನು ಗಮನಿಸಿರಲಿಲ್ಲ. ಸಂಬಳ 15ಕ್ಕೇ ಬಂದಿತ್ತು. ಆದರೆ ಬಿಲ್ ಬರಲಿ, ಡ್ಯೂ ಡೇಟಿಗೆ ಕಟ್ಟೋಣ ಎಂದು ಸೆಪ್ಟೆಂಬರ್ 14ರವರೆಗೆ ಹಾಗೇ ಇಟ್ಟುಕೊಂಡ. ಅಂದು ಬಿಲ್ಲಿನಲ್ಲಿದ್ದಷ್ಟನ್ನೂ ಕಟ್ಟಿದ. ಅಷ್ಟರೊಳಗೆ ಆಗಸ್ಟ್ 21ರಿಂದ ಮತ್ತೆ ಇಪ್ಪತ್ನಾಲ್ಕು ದಿನ ಮೀಟರ್ ಓಡಿತ್ತು. ಆ 12 ಡಾಲರ್ ಚಿಲ್ಲರೆ ಆಗಸ್ಟಿನ ಬಿಲ್ಲಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ, ಸೆಪ್ಟೆಂಬರಿನದಕ್ಕೆ ಬಂತು. ಪೂರ್ತಿ ಕಟ್ಟಿದ ಮೇಲೂ ಬಡ್ಡಿ ಬಂದದ್ದು ಹೀಗೆ. ಬ್ಯಾಂಕಿನವರ ತಪ್ಪು ಏನೂ ಇರಲಿಲ್ಲ, ಫೋನ್ ಮಾಡಿ ಜಗಳವಾಡಿ ಪ್ರಯೋಜನವೂ ಇರಲಿಲ್ಲ.

ಒಟ್ಟು 52 ಡಾಲರ್ ಹತ್ತಿರ, ಆರು ವಾರಕ್ಕೆ, 600ರ ಸಾಲಕ್ಕೆ. ಫೀಸನ್ನೂ ಬಡ್ಡಿ ಎಂದೇ ಲೆಕ್ಕ ಹಿಡಿದರೆ ವರ್ಷಕ್ಕೆ ಶೇಕಡ 75ರ ದರ. ಸಂಬಳ ಬಂದ ಆಗಸ್ಟ್ 15ರಂದೇ ಕಟ್ಟಿದ್ದರೆ ಬಡ್ಡಿ 6 ಡಾಲರಿಗೆ ನಿಲ್ಲುತ್ತಿತ್ತು. ಫೀಸು ಹೇಗಿದ್ದರೂ ಹೋದದ್ದೇ, ಅದು ವಾಪಸ್ ಬರುವುದಿಲ್ಲ. ಉಳಿಸಿಕೊಳ್ಳಬಹುದಾದದ್ದು ಬಡ್ಡಿಯನ್ನು ಮಾತ್ರ, ಅದೂ ಬೇಗ ಕಟ್ಟಿದರೆ.

ಹಾಗಾಗಿ ಅನಿವಾರ್ಯವಾಗಿ ತೆಗೆದಿದ್ದರೆ ಬಿಲ್ಲಿಗಾಗಿ ಕಾಯಬೇಡಿ. ಕೈಗೆ ಹಣ ಬಂದ ದಿನವೇ ಆ್ಯಪ್ ತೆರೆದು, ತೆಗೆದದ್ದು, ಫೀಸು, ಇದುವರೆಗಿನ ಬಡ್ಡಿ ಮೂರನ್ನೂ ಸೇರಿಸಿ ಕಟ್ಟಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರ್ಡಿನಲ್ಲಿ ಖರೀದಿಯ ಬಾಕಿಯೂ ನಗದಿನ ಬಾಕಿಯೂ ಎರಡೂ ಇದ್ದಾಗ ನೀವು ಕಟ್ಟಿದ ಹಣ ಯಾವುದಕ್ಕೆ ಹೋಗುತ್ತದೆ? 2009ರ ಕಾರ್ಡ್ ಕಾಯ್ದೆಯ ಪ್ರಕಾರ ಮಿನಿಮಮ್ ಪೇಮೆಂಟಿಗಿಂತ ಹೆಚ್ಚು ಕಟ್ಟಿದ ಭಾಗ ಹೆಚ್ಚು ಬಡ್ಡಿಯ ಬಾಕಿಗೆ, ಅಂದರೆ ಸಾಮಾನ್ಯವಾಗಿ ನಗದಿಗೆ, ಮೊದಲು ಹೋಗಬೇಕು. ಆದರೆ ಮಿನಿಮಮ್ ಎಷ್ಟಿದೆಯೋ ಅಷ್ಟನ್ನು ಬ್ಯಾಂಕ್ ಕಡಿಮೆ ಬಡ್ಡಿಯ ಬಾಕಿಗೆ ಹಾಕಿಕೊಳ್ಳಬಹುದು. ಪ್ರತಿ ತಿಂಗಳೂ ಮಿನಿಮಮ್ ಮಾತ್ರ ಕಟ್ಟುತ್ತಾ ಹೋದವರ ನಗದಿನ ಸಾಲ ಜಗ್ಗದೆ ಕೂರುವುದು ಈ ಕಾರಣಕ್ಕೆ. ಹಳೆಯ ಬಿಲ್ಲಿನ ಮಿನಿಮಮ್ ಇನ್ನೂ ಬಾಕಿಯಿದ್ದರೆ ಅದನ್ನೂ ಸೇರಿಸಿಯೇ ಕಟ್ಟಬೇಕು, ಇಲ್ಲದಿದ್ದರೆ ನಗದಿನಲ್ಲಿ ಅಷ್ಟು ಉಳಿದುಬಿಡುತ್ತದೆ. ಮತ್ತೆ, ಡ್ಯೂ ಡೇಟಿಗೆ ಒಟ್ಟು ಬಿಲ್ ಪೂರ್ತಿ ಕಟ್ಟದಿದ್ದರೆ ಖರೀದಿಯ ಗ್ರೇಸ್ ಪೀರಿಯಡ್ ಕೂಡ ಕೈತಪ್ಪುತ್ತದೆ. ಆಮೇಲೆ ಕೊಂಡ ಅಕ್ಕಿ, ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ.

ಸ್ಟೇಟ್‌ಮೆಂಟಿನ ಕೊನೆಯ ಪುಟದ ಕಡೆ Interest Charge Calculation ಎಂಬ ಒಂದು ಪಟ್ಟಿ ಇರುತ್ತದೆ. ಅದರಲ್ಲಿ Purchases ಮತ್ತು Cash Advances ಬೇರೆ ಬೇರೆ ಸಾಲುಗಳು. ಎರಡನೆಯ ಸಾಲಿನ Interest Charge ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಮೀಟರ್ ಓಡಿದೆ ಎಂದೇ ಅರ್ಥ.

ಅಂಕಿ ಕಾಣಲು ಎಟಿಎಂಗೇ ಹೋಗಿರಬೇಕೆಂದಿಲ್ಲ. ನಮ್ಮವರು ಹೆಚ್ಚಾಗಿ ಎಡವುವುದು ಊರಿಗೆ ಹಣ ಕಳಿಸುವಾಗ. ಅಪ್ಪನ ಆಸ್ಪತ್ರೆ ಖರ್ಚು, ತಂಗಿಯ ಕಾಲೇಜು ಫೀಸು, ಏನೋ ಅವಸರ. ಹಣ ಕಳಿಸುವ ಆ್ಯಪ್‌ನಲ್ಲಿ ಬ್ಯಾಂಕ್ ಖಾತೆಯ ಬದಲು ಕ್ರೆಡಿಟ್ ಕಾರ್ಡ್ ಆರಿಸಿದರೆ ತಕ್ಷಣ ತಲುಪುತ್ತದೆ ಎಂದು ತೋರಿಸುತ್ತದೆ, ನಿಜವಾಗಿ ತಲುಪುತ್ತದೆ ಕೂಡ. ಆದರೆ ಪ್ರತಿ ವ್ಯಾಪಾರಿಗೂ ಕಾರ್ಡ್ ಜಾಲದಲ್ಲಿ ನಾಲ್ಕಂಕಿಯ ಒಂದು ಕೋಡ್ ಇರುತ್ತದೆ. ಹಣ ರವಾನೆಗೆ 4829, ಎಟಿಎಂಗೆ 6011, ವಿದೇಶಿ ಕರೆನ್ಸಿಯಂಥ ನಗದಿಗೆ ಸಮಾನವಾದವುಗಳಿಗೆ 6051. ಕಾರ್ಡ್ ಕೊಟ್ಟ ಬ್ಯಾಂಕ್ ಈ ಕೋಡ್ ನೋಡಿ ಅದನ್ನು ನಗದು ಎಂದೇ ಲೆಕ್ಕಕ್ಕೆ ಹಿಡಿಯಬಹುದು. ಆಗ ಆ್ಯಪ್‌ನ ಫೀಸು ಒಂದು, ಬ್ಯಾಂಕಿನ ಶೇಕಡ 5 ಇನ್ನೊಂದು, ಮೇಲೆ ದಿನದ ಬಡ್ಡಿ. ಮನಿ ಆರ್ಡರ್, ಕ್ಯಾಸಿನೋ ಚಿಪ್ಸ್, ಬ್ಯಾಂಕ್ ಅಂಚೆಯಲ್ಲಿ ಕಳಿಸುವ ಕನ್ವೀನಿಯನ್ಸ್ ಚೆಕ್ಕುಗಳೂ ಇದೇ ಗುಂಪಿಗೆ ಸೇರಬಹುದು. ಕೆಲವು ಬ್ಯಾಂಕುಗಳಲ್ಲಿ ಚೆಕಿಂಗ್ ಖಾತೆ ಬರಿದಾದಾಗ ಕ್ರೆಡಿಟ್ ಕಾರ್ಡಿನಿಂದ ಹಣ ತಾನಾಗಿ ಬಂದು ತುಂಬುವ ಏರ್ಪಾಡು ಇರುತ್ತದೆ, ಅದೂ ಹೀಗೆಯೇ. ಖಾತೆ ತೆರೆಯುವಾಗ ಅದಕ್ಕೆ ಟಿಕ್ ಹಾಕಿದ್ದೀರಾ ನೋಡಿಕೊಳ್ಳಿ.

ಊರಿನಿಂದ ತಂದ ಕಾರ್ಡ್ ಬಳಸಿದರೆ ಬಚಾವ್ ಎಂದುಕೊಳ್ಳಬೇಡಿ. ಭಾರತದ ಕ್ರೆಡಿಟ್ ಕಾರ್ಡಿನಲ್ಲೂ ನಗದಿಗೆ ಮೊದಲ ದಿನದಿಂದ ಬಡ್ಡಿ, ಜೊತೆಗೆ ಫೀಸು, ಫೀಸಿನ ಮೇಲೆ ಜಿಎಸ್‌ಟಿ, ಡಾಲರಿನಲ್ಲಿ ತೆಗೆದದ್ದಕ್ಕೆ ಫಾರೆಕ್ಸ್ ಮಾರ್ಕಪ್.

ಹಾಗಾದರೆ ಆ 600ಕ್ಕೆ ಏನು ಮಾಡಬೇಕಿತ್ತು? ಮನೆ ಮಾಲೀಕರನ್ನು ಮನಿ ಆರ್ಡರ್ ಆಗುತ್ತದೆಯೇ ಎಂದು ಕೇಳಬಹುದಿತ್ತು. ಅಂಚೆ ಕಚೇರಿಯ ಮನಿ ಆರ್ಡರ್ 1000 ಡಾಲರಿನವರೆಗೆ ಸಿಗುತ್ತದೆ, ಆದರೆ ಅಲ್ಲಿ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಡೆಬಿಟ್ ಕಾರ್ಡ್ ಅಥವಾ ನಗದೇ ಬೇಕು. ಅದಕ್ಕೂ ಮೊದಲು ಆಫೀಸಿನ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಸಂಬಳದ ಮುಂಗಡ ಕೇಳಬಹುದಿತ್ತು. ಹೊಸದಾಗಿ ಬಂದವರಿಗೆ ಕೊಡುವ ಕಂಪನಿಗಳಿವೆ. ಇವೆಲ್ಲಕ್ಕಿಂತ, ಅವನು ನನಗೊಂದು ಫೋನ್ ಮಾಡಬಹುದಿತ್ತು. ಹನ್ನೆರಡು ದಿನದ ಕೈಸಾಲ ಅಷ್ಟೆ. "ಬಂದ ಹೊಸದರಲ್ಲೇ ಹೆಂಗೆ ಕೇಳೋದು ಅಣ್ಣಾ" ಎಂದ. ಆ ಸಂಕೋಚ ನನಗೆ ಅರ್ಥವಾಗುತ್ತದೆ, ನಾನೂ ಅದೇ ಸಂಕೋಚದಲ್ಲಿ ಮೊದಲ ಚಳಿಗಾಲ ಕಳೆದವನು. ಆದರೂ ಕೇಳಿ. ಸಂಘದಲ್ಲಿ ಯಾರನ್ನಾದರೂ ಕೇಳಿ.

ಆ ಸಂಜೆ ಅವನು ಅಲ್ಲೇ ಟೇಬಲ್ ಹತ್ತಿರ ಕೂತು ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿದ. ಒಟ್ಟು ಮಿತಿಯೊಳಗೇ ನಗದಿಗೆ ಪ್ರತ್ಯೇಕವಾದ, ಚಿಕ್ಕದಾದ ಇನ್ನೊಂದು ಮಿತಿ ಇರುತ್ತದೆ, Cash Advance Limit ಎಂದು ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಅದನ್ನು ಸೊನ್ನೆ ಮಾಡಿ ಎಂದು ಕೇಳಿದ. ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ, ಅವನದು ಒಪ್ಪಿತು. ಈಗ ಗೊತ್ತಿಲ್ಲದೆ ಆ ಕಾರ್ಡನ್ನು ಎಟಿಎಂಗೆ ಹಾಕಿದರೆ ಹಣ ಬರುವುದಿಲ್ಲ, ರವಾನೆಯ ಆ್ಯಪ್‌ನಲ್ಲಿ ನಗದು ಎಂದು ಲೆಕ್ಕವಾಗುವ ವ್ಯವಹಾರವೂ ತಿರಸ್ಕೃತವಾಗುತ್ತದೆ. ಫೋನ್ ಇಟ್ಟಮೇಲೆ ಉಳಿದಿದ್ದ ಆ 12 ಡಾಲರ್ ಚಿಲ್ಲರೆಯನ್ನೂ ಆಗಲೇ ಕಟ್ಟಿ, ಊಟಕ್ಕೆ ಎದ್ದ.