ಅತ್ತೆಗೆ 625 ಮಾತ್ರೆ ದಕ್ಕಿದ್ದು ಹೇಗೆ (ನನ್ನ ಅನುಭವ)

ನಮ್ಮ ಅತ್ತೆಗೆ 625 ಎನ್ನುವ ಆಂಟಿಬಯಾಟಿಕ್ ಮಾತ್ರೆ ಆಗಿಬರುವುದಿಲ್ಲ ಎಂದು ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಹಿಂದೆ ಹಲ್ಲಿಗೆ ಒಮ್ಮೆ, ಕಫಕ್ಕೆ ಒಮ್ಮೆ ಕೊಟ್ಟಾಗ ವಾಂತಿಯಾಗಿ ಕೋರ್ಸು ಅರ್ಧಕ್ಕೇ ನಿಂತಿತ್ತು. ಈ ಸಲ ಕಾಲು ಬಾತು ಕೆಂಪಾಗಿ ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು, ಅಂತಾಯಿತು. ಡಾಕ್ಟರು ಬರೆದದ್ದು ಅದನ್ನೇ: ಆಮಾಕ್ಸಿಸಿಲಿನ್-ಕ್ಲಾವುಲನೇಟ್ 625, ದಿನಕ್ಕೆ ಮೂರು. ನಾದಿನಿ ಫೋನಿನಲ್ಲೇ ಹೇಳಿಬಿಟ್ಟಳು, "ಅತ್ತಿಗೆ, ಅಮ್ಮನಿಗೆ ಅದು ಅಲರ್ಜಿ, ಸುಮ್ಮನೆ ದುಡ್ಡು ದಂಡ." ಆದರೂ ಕೋರ್ಸು ಪೂರ್ತಿ ಮುಗಿಯಿತು, ಕಾಲಿನ ಬಾವೂ ಇಳಿಯಿತು. ಈಗ ನಾದಿನಿ ತನ್ನ ಮಾವನಿಗೆ ಮಾತ್ರೆ ಕೊಡುವ ಮೊದಲು ನನಗೇ ಫೋನು ಮಾಡುತ್ತಾಳೆ.

ಅಲರ್ಜಿ ಎಂಬ ಮಾತು ಮೊದಲು ಇತ್ಯರ್ಥವಾಗಬೇಕಿತ್ತು. ಡಾಕ್ಟರು ಕೇಳಿದ್ದು ಇಷ್ಟೇ: ಮೈಮೇಲೆ ದದ್ದು ಎದ್ದಿತ್ತೇ, ತುಟಿ, ಮುಖ ಊದಿತ್ತೇ, ಉಸಿರು ಕಟ್ಟಿತ್ತೇ? ಯಾವುದೂ ಆಗಿರಲಿಲ್ಲ, ಬರೀ ಹೊಟ್ಟೆ ತೊಳಸು. ಹಾಗಿದ್ದರೆ ಅದು ಅಲರ್ಜಿಯಲ್ಲ, ಆ ಹೆಸರು ಚೀಟಿಯಲ್ಲಿ ಕೂತರೆ ಪೆನಿಸಿಲಿನ್ ಜಾತಿಯ ಮಾತ್ರೆಗಳೆಲ್ಲ ಕೈತಪ್ಪುತ್ತವೆ ಎಂದರು. ನಿಮ್ಮ ಮನೆಯಲ್ಲೂ ಯಾರಿಗಾದರೂ "ಆಗಿಬರಲ್ಲ" ಅಂತ ಇದ್ದರೆ ಏನು ಆಗಿತ್ತು ಎಂದು ಕೆದಕಿ ಕೇಳಿ, ಡಾಕ್ಟರಿಗೆ ಹಾಗೇ ಹೇಳಿ. ನಿಜವಾಗಿಯೂ ದದ್ದು, ಊತ ಬಂದಿದ್ದವರ ಮೇಲೆ ನನ್ನ ಈ ಪ್ರಯೋಗ ಬೇಡವೇ ಬೇಡ.

ಶುರು ಚೆನ್ನಾಗಿರಲಿಲ್ಲ. ಅತ್ತೆಯ ಪದ್ಧತಿ ಏನೆಂದರೆ ಬೆಳಗ್ಗೆ ಕಾಫಿ ಕುಡಿದು ಎಲ್ಲ ಮಾತ್ರೆಯನ್ನೂ ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗುವುದು. ಶುಗರಿನ ಮೆಟ್‌ಫಾರ್ಮಿನ್, ಕಬ್ಬಿಣಾಂಶದ್ದು, ಕ್ಯಾಲ್ಸಿಯಂ, ಅದರ ಮೇಲೆ ಈ 625. ಮೆಟ್‌ಫಾರ್ಮಿನ್ ಒಂದೇ ಸಾಕು ಹೊಟ್ಟೆ ತೊಳಸಲು, ಕಬ್ಬಿಣಾಂಶವೂ ಕಡಿಮೆಯದಲ್ಲ. ಬೈಗುಳವೆಲ್ಲ ಮಾತ್ರ ಆಂಟಿಬಯಾಟಿಕ್ಕಿಗೆ. ಮೊದಲ ದಿನದ ಎರಡು ಡೋಸು ಬಚ್ಚಲು ಸೇರಿತು. ಒಂದರಲ್ಲಿ ಮಾತ್ರೆ ಇಡಿಯಾಗಿ ಕಣ್ಣಿಗೆ ಕಂಡಿತು. ಡಾಕ್ಟರಿಗೆ ಫೋನು ಮಾಡಿದೆ. ನುಂಗಿ ಹತ್ತು ನಿಮಿಷವೂ ಆಗಿಲ್ಲ, ಇಡೀ ಮಾತ್ರೆ ಹೊರಗೆ ಬಂದಿದೆ, ಸುಧಾರಿಸಿಕೊಂಡು ಊಟದ ಜೊತೆ ಇನ್ನೊಂದು ಕೊಡಿ ಎಂದರು. ಒಂದು ಗಂಟೆ ಕಳೆದ ಮೇಲೆ ಆದ ಇನ್ನೊಂದು ವಾಂತಿಗೆ, ಮತ್ತೆ ಕೊಡುವುದು ಬೇಡ ಎಂದರು. ಇದನ್ನು ನಾವೇ ಲೆಕ್ಕ ಹಾಕುವುದಕ್ಕಿಂತ ಕೇಳುವುದು ವಾಸಿ.

ಆಮೇಲೆ ಮೆಡಿಕಲ್ ಶಾಪಿನ ಕಥೆ. ಒಂದು ಅಂಗಡಿಯಲ್ಲಿ 625 ಖಾಲಿಯಾಗಿತ್ತು. ಅಲ್ಲಿದ್ದ ಹುಡುಗ 375 ಕೊಟ್ಟು "ಎರಡೆರಡು ಹಾಕಿ, ಸರಿಹೋಗುತ್ತೆ" ಎಂದ. ಸರಿಹೋಗುವುದಿಲ್ಲ. 625ರಲ್ಲಿ ಆಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲನೇಟ್ 125. 375ರಲ್ಲಿ ಆಮಾಕ್ಸಿಸಿಲಿನ್ 250, ಕ್ಲಾವುಲನೇಟ್ ಮಾತ್ರ ಅದೇ 125. ಎರಡು ನುಂಗಿದರೆ ಕ್ಲಾವುಲನೇಟ್ ದುಪ್ಪಟ್ಟು. ಹೊಟ್ಟೆ ಕೆಡಿಸುವುದರಲ್ಲಿ ದೊಡ್ಡ ಪಾಲು ಅದರದ್ದೇ. ವಾಪಸ್ ಕೊಟ್ಟು ಬಂದೆ. ಜನೌಷಧಿಯಲ್ಲಿ 625 ಸಿಕ್ಕಿತು, ಬ್ರ್ಯಾಂಡಿನದಕ್ಕೆ ಸ್ಟ್ರಿಪ್ಪಿಗೆ ಇನ್ನೂರರ ಆಸುಪಾಸು ಕೊಟ್ಟಿದ್ದೆ, ಇಲ್ಲಿ ಸುಮಾರು ಅರ್ಧ. ಬಾಯಲ್ಲಿ ತೆಗೆದುಕೊಳ್ಳಲು ಆಗದಿದ್ದರೆ ಅಡ್ಮಿಟ್ ಮಾಡಿ ಇಂಜೆಕ್ಷನ್ ಎಂದು ಡಾಕ್ಟರು ಹೇಳಿದ್ದರು. ಬೆಡ್ಡು, ಡ್ರಿಪ್ಪು ಸೇರಿ ಹತ್ತು ಸಾವಿರ ದಾಟುತ್ತಿತ್ತು. ನನ್ನ ಹಟಕ್ಕೆ ಅದೂ ಒಂದು ಕಾರಣ.

ಕೊನೆಗೆ ಕೆಲಸ ಮಾಡಿದ್ದು ಇದು. ಮಾತ್ರೆ ಊಟಕ್ಕೆ ಮೊದಲೂ ಅಲ್ಲ, ಕೈ ತೊಳೆದ ಮೇಲೂ ಅಲ್ಲ, ತಟ್ಟೆಯ ಮುಂದೆಯೇ. ನಾಲ್ಕು ತುತ್ತು ಒಳಗೆ ಹೋಗಬೇಕು, ಮಾತ್ರೆ, ನೀರು, ಆಮೇಲೆ ಉಳಿದ ಊಟ. ಊಟದ ಆರಂಭದಲ್ಲಿ ತೆಗೆದುಕೊಂಡರೆ ಮೈ ಕ್ಲಾವುಲನೇಟನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹೊಟ್ಟೆಗೂ ಹಿತ. ಊಟ ಅಂದರೆ ಎರಡು ಬಿಸ್ಕತ್ತಲ್ಲ, ಇಡ್ಲಿ, ಮೆತ್ತಗಿನ ಅನ್ನ, ಮೊಸರನ್ನ. ಕರಿದದ್ದು ಬಂದ್. ಉಂಡ ಮೇಲೆ ಅರ್ಧ ಗಂಟೆ ಅತ್ತೆ ಜಗಲಿಯಲ್ಲಿ ನೆಟ್ಟಗೆ ಕೂರಬೇಕು, ಮಲಗುವ ಹಾಗಿಲ್ಲ. ಬೆಳಗಿನ ಕಾಫಿಯನ್ನು ತಿಂಡಿಯಿಂದ ಒಂದು ಗಂಟೆ ದೂರ ತಳ್ಳಿದೆ. ಇದಕ್ಕೆ ಮಾತ್ರ ಮನೆಯಲ್ಲಿ ಮಹಾಭಾರತವೇ ನಡೆಯಿತು.

ಡಾಕ್ಟರನ್ನು ಕೇಳಿ ಕಬ್ಬಿಣಾಂಶ, ಕ್ಯಾಲ್ಸಿಯಂ ಎರಡನ್ನೂ ಕೋರ್ಸು ಮುಗಿಯುವ ತನಕ ನಿಲ್ಲಿಸಿದೆವು. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ, ಊಟದ ಕೊನೆಯ ತುತ್ತಿಗೆ ಹೋಯಿತು. ವಾಂತಿಗೆಂದು ಒಂಡಾನ್ಸೆಟ್ರಾನ್ ಬರೆದಿದ್ದರು, ಮೊದಲೆರಡು ದಿನ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟೆ, ಆಮೇಲೆ ಬೇಕಾಗಲಿಲ್ಲ. ಅದನ್ನು ನೋಡಿ ಎಲ್ಲ ಆಂಟಿಬಯಾಟಿಕ್ಕಿಗೂ ಕೇಳದೆ ಸೇರಿಸಬೇಡಿ. ಅಜಿತ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಜೊತೆ ಸೇರಿದರೆ ಕೆಲವರಿಗೆ ಹೃದಯದ ಬಡಿತ ಏರುಪೇರಾಗುತ್ತದೆ.

ಹೊತ್ತಿನ ವಿಷಯಕ್ಕೆ ಬರೋಣ. ದಿನಕ್ಕೆ ಮೂರು ಅಂದರೆ ತಿಂಡಿ, ಊಟ, ರಾತ್ರಿ ಊಟ ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮಲ್ಲಿ ಅದು ಒಂಬತ್ತು, ಒಂದೂವರೆ, ಏಳೂವರೆ. ರಾತ್ರಿಯ ಡೋಸಿನಿಂದ ಬೆಳಗಿನದ್ದಕ್ಕೆ ಹದಿಮೂರೂವರೆ ಗಂಟೆ ಖಾಲಿ, ಹಗಲಿಗೆ ಮೂರೂ ಒತ್ತೊತ್ತು. ನಾನು ಬೆಳಗ್ಗೆ 6:30, ಮಧ್ಯಾಹ್ನ 2, ರಾತ್ರಿ 9:30 ಮಾಡಿದೆ. ಏಳೂವರೆ, ಏಳೂವರೆ, ಒಂಬತ್ತು. ಗಡಿಯಾರ ಹಿಡಿದು ಎಂಟೇ ಗಂಟೆ ಅಂತ ನಡುರಾತ್ರಿ ಎಬ್ಬಿಸಬೇಕಿಲ್ಲ ಎಂದು ಡಾಕ್ಟರೇ ಹೇಳಿದರು. ರಾತ್ರಿಯದ್ದೇ ಕಷ್ಟ: ಏಳೂವರೆಗೆ ಉಣ್ಣುವ ಜೀವ ಒಂಬತ್ತೂವರೆಗೆ ಕಾಯುವುದಿಲ್ಲ. ಮೊದಲಿನ ಹೊತ್ತಿಗೆ ಅರ್ಧ ಊಟ, ಒಂಬತ್ತೂವರೆಗೆ ಮತ್ತರ್ಧ ಮಾತ್ರೆಯ ಜೊತೆ. ಒಂದು ಮಧ್ಯಾಹ್ನ ಮದುವೆ ಮನೆಯಲ್ಲಿ ಮರೆತು ನಾಲ್ಕಕ್ಕೆ ನೆನಪಾಯಿತು. ಆಗಲೇ ಕೊಟ್ಟೆವು, ರಾತ್ರಿಯದ್ದು ಅದೇ ಹೊತ್ತಿಗೆ. ಎರಡು ಒಟ್ಟಿಗೆ ನುಂಗಿಸುವುದು ಯಾವತ್ತೂ ಇಲ್ಲ.

ನಡುವೆ ಶುಂಠಿ ತಂಬುಳಿ ಮಾಡಿ ನೋಡಿದೆ. ಅತ್ತೆಗೆ ಹಿಡಿಸಿತು, ಹೊಟ್ಟೆ ತೊಳಸೂ ಇಳಿಯಿತು. ವಾಂತಿಯ ಮಾತ್ರೆಯಿಂದಲೋ ತಂಬುಳಿಯಿಂದಲೋ ಹೇಳುವಂತಿಲ್ಲ. ಅದಕ್ಕೆ ನಾನು ಹಾಕುವ ಇನ್ನೊಂದು ಸೊಪ್ಪಿನ ಹೆಸರು ಇಲ್ಲಿ ಬರೆಯುವುದಿಲ್ಲ, ನಾದಿನಿಗೂ ಹೇಳಿಲ್ಲ. ಹೊಟ್ಟೆಗೆ ಒಳ್ಳೆಯದೆಂದು ಲ್ಯಾಕ್ಟೋಬ್ಯಾಸಿಲಸ್ ಪೊಟ್ಟಣಕ್ಕೂ ಇನ್ನೂರು ಮುನ್ನೂರು ಖರ್ಚು ಮಾಡಿದೆ, ಅದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಮೊಸರೇ ಸಾಕಿತ್ತು.

ಆದರೆ ಈ ಮೊಸರನ್ನದ ಸೂತ್ರ ಎಲ್ಲ ಮಾತ್ರೆಗೂ ಅಲ್ಲ. ನಮ್ಮನೆಯವರಿಗೆ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಾಗ ಹಾಲು, ಕ್ಯಾಲ್ಸಿಯಂ, ಗ್ಯಾಸಿನ ಸಿರಪ್ಪು ಎಲ್ಲವನ್ನೂ ದೂರ ಇಟ್ಟೆ, ಅವು ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಅದಕ್ಕೆ ತುಂಬ ನೀರು ಬೇಕು, ಮಲಗುವ ಮುಂಚೆ ನುಂಗಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ. ಕ್ಷಯದ ರಿಫಾಂಪಿಸಿನ್ ಅಂತೂ ಖಾಲಿ ಹೊಟ್ಟೆಯದ್ದು. ಮಾತ್ರೆಯ ಹೆಸರು ಕೇಳದೆ ಊಟದ ಜೊತೆ ಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಡಾಕ್ಟರಿಗೆ ಫೋನು ಮಾಡುವ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಮೊದಲ ದಿನವೇ ಅತ್ತೆಯ ಕಾಲಿನ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಎರಡು ದಿನದಲ್ಲಿ ಗೆರೆ ದಾಟಿದ್ದರೆ, ಚಳಿಜ್ವರ ಏರಿದ್ದರೆ ಕಾಯದೆ ಹೋಗುವುದು ಎಂದು ಮಾತಾಗಿತ್ತು. ಒಂದರ ಹಿಂದೊಂದು ಎರಡು ಡೋಸು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಹೇಳಬೇಕು, ಶುಗರ್ ಇದ್ದು ಊಟವೇ ಸೇರದಿದ್ದರೆ ಅದೇ ದಿನ ಹೇಳಬೇಕು, ಏಕೆಂದರೆ ಕೆಲವು ಶುಗರ್ ಮಾತ್ರೆಗಳಿಂದ ಶುಗರ್ ಸಟ್ಟನೆ ಇಳಿಯುತ್ತದೆ. ಮುಖ ಊತ, ಉಬ್ಬಸ ಕಂಡರೆ ಫೋನೂ ಬೇಡ, ನೇರ ಆಸ್ಪತ್ರೆ. ನೀರುನೀರಾಗಿ ಮೇಲಿಂದ ಮೇಲೆ ಭೇದಿ, ಅದರಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆ ಹಾಕಿಕೊಂಡು ಕೂರಬಾರದು. ಈ ಭೇದಿ, ಹಾಗೆಯೇ ಕಣ್ಣು ಹಳದಿಯಾಗಿ ಮೂತ್ರ ಕಪ್ಪಾಗುವುದು, ಕೋರ್ಸು ಮುಗಿದು ವಾರಗಳಾದ ಮೇಲೂ ಬರಬಹುದು. ಅದಕ್ಕೇ ಖಾಲಿ ಸ್ಟ್ರಿಪ್ಪನ್ನೂ ಚೀಟಿಯನ್ನೂ ಒಂದೆರಡು ತಿಂಗಳು ಡಬ್ಬದಲ್ಲಿ ಇಟ್ಟಿದ್ದೆ, ಬೇರೆ ಡಾಕ್ಟರ ಹತ್ತಿರ ಹೋದರೂ ಯಾವ ಮಾತ್ರೆ, ಯಾವಾಗ ಎಂದು ತೋರಿಸಲು.