ಮದುವೆ ಮುಗಿದ ಮನೆಗೆ ಕಾಗದ, ಜೊತೆಗೆ ಚೌತಿಯ ಆರ್ಡರ್

ಕಾಸರಗೋಡು, ಬದಿಯಡ್ಕ ಕಡೆಯ ಅಡಿಗೆಯವರಿಗೆ ಒಂದು ಸಲಹೆ. ಧನ್ಯವಾದದ ಕಾಗದ ಕಳಿಸುವುದು ಲೆಕ್ಕ ಚುಕ್ತಾ ಆಗಿ, ಪಾತ್ರೆಗಳೆಲ್ಲ ವಾಪಸು ಬಂದ ಮೇಲೆ. ಮೊದಲೇ ಕಳಿಸಿದರೆ ಬಾಕಿ ಕೇಳಿದ ಹಾಗೆ ಕಾಣುತ್ತದೆ. ‘ನಿಮ್ಮ ಸಹಕಾರಕ್ಕೆ ಕೃತಜ್ಞತೆಗಳು’ ಅಂತ ಬರೆದರೆ ಯಾರೂ ಎರಡನೇ ಸಲ ಓದುವುದಿಲ್ಲ. ಆ ಮನೆಯದ್ದೇ ಒಂದು ವಿಷಯ ಹಿಡಿಯಿರಿ:

“ಮಾನ್ಯರೇ, ಮಗಳ ಮದುವೆಯ ಊಟ ನಮಗೆ ವಹಿಸಿದ್ದಕ್ಕೆ ಸಂತೋಷ. ಕೊನೇ ಪಂಕ್ತಿಗೆ ಜನ ಎಷ್ಟೆಂದು ನಿಮ್ಮವರು ಮೊದಲೇ ತಿಳಿಸಿದ್ದರಿಂದ ಹೋಳಿಗೆ ಕಡಿಮೆ ಬೀಳಲಿಲ್ಲ. ಚೌತಿಗೆ ಚಕ್ಕುಲಿ ಬೇಕಿದ್ದರೆ ಹತ್ತು ದಿನ ಮೊದಲು ಹೇಳಿ. 5 ಕಿಲೋದಿಂದ ಮೇಲೆ ಮಾಡಿಕೊಡುತ್ತೇವೆ.”

ಹತ್ತು ದಿನ ಯಾಕೆಂದೂ ಒಂದು ಸಾಲು ಸೇರಿಸಿ. ಮಳೆಗಾಲದಲ್ಲಿ ತೊಳೆದ ಅಕ್ಕಿ ಬೇಗ ಒಣಗುವುದಿಲ್ಲ. ಪಸೆ ಉಳಿದ ಅಕ್ಕಿ ಮಿಲ್ಲಿನಲ್ಲಿ ನುಣ್ಣಗಾಗದೆ ಅಂಟಿಕೊಳ್ಳುತ್ತದೆ, ಹಿಟ್ಟಿಗೂ ಬೇಗ ಮುಗ್ಗಲು ವಾಸನೆ ಬರುತ್ತದೆ. ಚಕ್ಕುಲಿ ಪೂರ್ತಿ ತಣಿಯದೆ ಕಟ್ಟಿದರೆ ಪ್ಲಾಸ್ಟಿಕ್ ಲಕೋಟೆಯ ಒಳಗೆ ಹಬೆ ಕೂತು ಮೆತ್ತಗಾಗುತ್ತದೆ. ಮುರಿದಾಗ ‘ಚಟ್’ ಎನ್ನದಿದ್ದರೆ ಅದೇ ಕಾರಣ.

ಕಾಯಿ ಹೋಳಿಗೆಯನ್ನು ಮಾತ್ರ ಕಾಗದದ ಚೌತಿ ಆರ್ಡರಿಗೆ ಸೇರಿಸಬೇಡಿ. ತೆಂಗಿನಕಾಯಿ ಹೂರಣ ಮರುದಿನಕ್ಕೇ ಹುಳಿ ಬರುವುದುಂಟು. ಕೇಳಿದವರಿಗೆ ಹಬ್ಬದ ದಿನ ಬೆಳಿಗ್ಗೆಯೇ ಕೊಡುವುದಾಗಿ ಹೇಳಿ, ಕೈಲಾಗದಿದ್ದರೆ ಒಪ್ಪಲೇಬೇಡಿ.

ದರವನ್ನು ಕಾಗದದಲ್ಲಿ ಹಾಕಬೇಡಿ. ಚೌತಿ ಹತ್ತಿರ ಬಂದಾಗ ಎಣ್ಣೆಯ ರೇಟು ಬೇರೆಯೇ ಇರುತ್ತದೆ.