ಮಾವಿನ ಸಿಪ್ಪೆ ತಿನ್ನೋದಾದ್ರೆ ಮೊದಲು ತೊಟ್ಟಿನ ಕಡೆ ಕತ್ತರಿಸಿ

ಮಾವಿನ ಹಣ್ಣನ್ನು ಸಿಪ್ಪೆ ಸಮೇತ ತಿನ್ನಬಹುದು. ಆದರೆ ಮೊದಲು ತೊಟ್ಟಿನ ಕಡೆ ಒಂದು ಬೆರಳಗಲ ಕತ್ತರಿಸಿ ಬಿಸಾಡಿ, ಆಮೇಲೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಕೈಯಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ತುಟಿ ಉರಿಸುವುದು ಮುಖ್ಯವಾಗಿ ಸೊನೆ. ಅದು ತೊಟ್ಟಿನ ಹತ್ತಿರವೇ ಜಾಸ್ತಿ, ಸಿಪ್ಪೆಯ ಮೇಲೂ ಇಳಿದು ಒಣಗಿರುತ್ತದೆ. ಉಪ್ಪಿನಕಾಯಿಯ ಮಿಡಿಯನ್ನು ನಾವು ಸಿಪ್ಪೆ ಸಮೇತವೇ ತಿನ್ನುತ್ತೇವೆ, ಅಲ್ವಾ? ಆದರೆ ಸೊನೆಯ ಅಲರ್ಜಿ ಇರುವವರಿಗೆ ಈ ಉಪಾಯ ಸಾಲದು. ಅದೇ ಗುಣದ ಅಂಶ ಸಿಪ್ಪೆಯೊಳಗೂ ಇದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ತಾಗಿ ಮೈಮೇಲೆ ಬೊಕ್ಕೆ ಬಂದವರು ವಿಶೇಷವಾಗಿ ಎಚ್ಚರ ವಹಿಸಿ. ಗೇರು, ಮಾವು ಎರಡೂ ಒಂದೇ ಕುಟುಂಬದ ಮರಗಳು. ತುರಿಕೆ ತಿಂದ ಕೂಡಲೇ ಬರಬೇಕೆಂದಿಲ್ಲ. ಒಂದೆರಡು ದಿನ ಬಿಟ್ಟು ತುಟಿಯ ಸುತ್ತ ಕೆಂಪಗೆ ಎದ್ದರೂ ಮಾವಿನ ಸಿಪ್ಪೆಯನ್ನೇ ಅನುಮಾನಿಸಿ. ಅಂಥವರು ಸಿಪ್ಪೆ ಮುಟ್ಟದೆ, ಬೇರೆಯವರು ಹೆಚ್ಚಿಕೊಟ್ಟ ತಿರುಳನ್ನು ಮಾತ್ರ ತಿನ್ನುವುದು ಒಳ್ಳೆಯದು. ಬಾಯಿ, ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.